ಕೋಡ್ ಬ್ಲೂ ಹಾಳೆ: ಮೂರು ಗಡಿಯಾರ, ಹದಿಮೂರು ನಿಮಿಷ

ಆಸ್ಪತ್ರೆಯಲ್ಲಿ ದಾಖಲಾದ ರೋಗಿಯ ಹೃದಯ ಹಠಾತ್ತನೆ ನಿಂತಾಗ ಧ್ವನಿವರ್ಧಕದಲ್ಲಿ ‘ಕೋಡ್ ಬ್ಲೂ’ ಎಂಬ ಕರೆ ಕೇಳಿಸುತ್ತದೆ, ಅದರ ಬೆನ್ನಿಗೇ ವಾರ್ಡಿನ ಹೆಸರು. ಆಗಿನಿಂದ ಹೃದಯ ಮತ್ತೆ ಬಡಿಯುವವರೆಗೆ, ಇಲ್ಲವೇ ವೈದ್ಯರು ಪ್ರಯತ್ನ ನಿಲ್ಲಿಸುವವರೆಗೆ ನಡೆದದ್ದನ್ನೆಲ್ಲ ಬರೆದಿಡುವ ಒಂದೆರಡು ಪುಟದ ನಮೂನೆಗೆ ಕೋಡ್ ಬ್ಲೂ ದಾಖಲೆ ಎನ್ನುತ್ತಾರೆ. ಮೇಲ್ಭಾಗದಲ್ಲಿ ರೋಗಿಯ ಹೆಸರು, ವಯಸ್ಸು, ಹಾಸಿಗೆ ಸಂಖ್ಯೆ. ನಡುವೆ ನಿಮಿಷ ನಿಮಿಷಕ್ಕೂ ಒಂದೊಂದು ಸಾಲಿರುವ ಕೋಷ್ಟಕ. ಅದರ ಅಂಕಣಗಳಲ್ಲಿ ಸಮಯ, ಹೃದಯದ ಲಯ, ನಾಡಿ, ಶಾಕ್, ಔಷಧ. ಕೆಳಗೆ ತಂಡದಲ್ಲಿದ್ದವರ ಹೆಸರು, ಅವರು ಮಾಡಿದ ಕೆಲಸ, ಸಹಿ. ನೋಡಲು ಬ್ಯಾಂಕಿನ ಚಲನ್‌ನಷ್ಟೇ ಸಾಧಾರಣವಾಗಿರುವ ಈ ಹಾಳೆಯನ್ನು ಸರಿಯಾಗಿ ತುಂಬುವುದು ಮಾತ್ರ ಸುಲಭವಲ್ಲ. ತುಂಬಬೇಕಾದ ಹೊತ್ತಿನಲ್ಲಿ ಕೋಣೆಯಲ್ಲಿ ಹತ್ತು ಜನರಿರುತ್ತಾರೆ, ಎಲ್ಲರೂ ಒಟ್ಟಿಗೆ ಮಾತಾಡುತ್ತಿರುತ್ತಾರೆ.

ಈ ಅಂಕಣಗಳನ್ನು ಒಂದೊಂದು ಆಸ್ಪತ್ರೆ ತನಗೆ ತೋಚಿದಂತೆ ಹಾಕಿಕೊಂಡದ್ದಲ್ಲ. 1990ರಲ್ಲಿ ನಾರ್ವೆಯ ಮೊಸ್ಟರೊಯ್ ದ್ವೀಪದಲ್ಲಿರುವ ಉಟ್‌ಸ್ಟೈನ್ ಎಂಬ ಹಳೆಯ ಮಠದಲ್ಲಿ ಹಲವು ದೇಶಗಳ ತಜ್ಞರು ಸೇರಿದ್ದರು. ಹೃದಯಸ್ತಂಭನದ ವಿವರಗಳನ್ನು ಒಂದೊಂದು ಊರಿನವರು ಒಂದೊಂದು ಅರ್ಥದಲ್ಲಿ ಬರೆಯುತ್ತಿದ್ದರು. ‘ಬದುಕುಳಿದರು’ ಎಂದರೆ ಒಂದು ಕಡೆ ನಾಡಿ ಮರಳಿತು ಎಂದಾದರೆ, ಇನ್ನೊಂದು ಕಡೆ ರೋಗಿ ಮನೆಗೆ ಹೋದ ಎಂದಾಗುತ್ತಿತ್ತು. ಅಂಥ ಲೆಕ್ಕಗಳನ್ನು ಹೋಲಿಸುವುದು ಹೇಗೆ? ಆ ಸಭೆಯಿಂದ ಹುಟ್ಟಿದ ಏಕರೂಪದ ನಮೂನೆಗೆ ಮಠದ ಹೆಸರೇ ಉಳಿಯಿತು. ಮೊದಲು ಅದು ಆಸ್ಪತ್ರೆಯ ಹೊರಗಿನ ಘಟನೆಗಳಿಗಷ್ಟೇ ಇತ್ತು. ಆಸ್ಪತ್ರೆಯೊಳಗಿನ ಹೃದಯಸ್ತಂಭನಕ್ಕೆ ಬೇರೆ ನಮೂನೆ ಬಂದದ್ದು 1997ರಲ್ಲಿ, ಅದರ ಇತ್ತೀಚಿನ ಪರಿಷ್ಕರಣೆ 2019ರಲ್ಲಿ. ಭಾರತದಲ್ಲಿ ಎನ್‌ಎಬಿಎಚ್ ಮಾನ್ಯತೆ ಬಯಸುವ ಆಸ್ಪತ್ರೆಗಳು ಸಿಪಿಆರ್ ಘಟನೆಗಳನ್ನು ದಾಖಲಿಸಲೇಬೇಕು, ಬೇರೆ ಬೇರೆ ವಿಭಾಗದವರಿರುವ ಸಮಿತಿಯೊಂದು ಅವನ್ನು ಆಮೇಲೆ ಪರಿಶೀಲಿಸಲೂಬೇಕು. ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳ ಕ್ರ್ಯಾಶ್ ಕಾರ್ಟಿನಲ್ಲಿ ಔಷಧಗಳ ಜೊತೆಗೆ ಈ ಹಾಳೆಯ ಪ್ರತಿಗಳೂ ಇರುವುದು ಇದೇ ಕಾರಣಕ್ಕೆ.

ಹಾಳೆ ತುಂಬುವ ಬಗೆಯನ್ನು ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡಬಹುದು. ಹೃದಯಾಘಾತವಾಗಿ ಮೂರು ದಿನ ಐಸಿಯುನಲ್ಲಿದ್ದ 58 ವರ್ಷದ ಒಬ್ಬರನ್ನು ಸಂಜೆ ವಾರ್ಡಿಗೆ ತಂದಿದ್ದಾರೆ. ಮಾನಿಟರ್ ತೆಗೆದಾಗಿದೆ. ರಾತ್ರಿ ಪಕ್ಕದಲ್ಲಿ ಮಲಗಿದ್ದ ಮಗನಿಗೆ ಅಪ್ಪ ಒಮ್ಮೆ ಅದುರಿ, ವಿಚಿತ್ರವಾಗಿ ಉಸಿರೆಳೆದದ್ದು ಕಾಣಿಸುತ್ತದೆ. ಅವನು ಕೂಗುತ್ತಾನೆ, ಡ್ಯೂಟಿಯಲ್ಲಿದ್ದ ಸಿಸ್ಟರ್ ಓಡಿ ಬರುತ್ತಾರೆ. ಅಲುಗಿಸಿದರೆ ಸ್ಪಂದನೆಯಿಲ್ಲ, ಕುತ್ತಿಗೆಯಲ್ಲಿ ನಾಡಿ ಸಿಗುತ್ತಿಲ್ಲ. ವಾರ್ಡಿನ ಗೋಡೆ ಗಡಿಯಾರದಲ್ಲಿ 2:14.

ಹಾಳೆಯ ಮೊದಲ ಮುಖ್ಯ ಅಂಕಣ ಇದೇ: ಹೃದಯಸ್ತಂಭನ ಗುರುತಿಸಿದ ಸಮಯ. ಹೃದಯ ನಿಜವಾಗಿ ನಿಂತ ಗಳಿಗೆ ಹೆಚ್ಚಿನ ಸಲ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ನಾಡಿಯಿಲ್ಲವೆಂದು ಖಚಿತವಾದ ನಿಮಿಷವನ್ನೇ ಸೊನ್ನೆ ಎಂದು ಹಿಡಿದು ಮುಂದಿನದೆಲ್ಲವನ್ನೂ ಅಲ್ಲಿಂದ ಎಣಿಸುತ್ತಾರೆ. ಅದರ ಪಕ್ಕದಲ್ಲಿ ಎರಡು ಚಿಕ್ಕ ಪ್ರಶ್ನೆಗಳಿರುತ್ತವೆ. ಯಾರಾದರೂ ಕಂಡರೇ? ರೋಗಿ ಮಾನಿಟರಿನಲ್ಲಿದ್ದರೇ? ಎರಡೂ ಒಂದೇ ಎಂದು ತಿಳಿದು ಒಂದಕ್ಕೆ ಮಾತ್ರ ಗುರುತು ಹಾಕುವವರು ಬಹಳ. ಇಲ್ಲಿ ಮಗ ಕಂಡಿದ್ದಾನೆ, ಆದ್ದರಿಂದ ಮೊದಲನೆಯದಕ್ಕೆ ಹೌದು, ಮಾನಿಟರ್ ಇರಲಿಲ್ಲವಾದ್ದರಿಂದ ಎರಡನೆಯದಕ್ಕೆ ಇಲ್ಲ. ಕಂಡವರು ವೈದ್ಯರೋ ಸಿಸ್ಟರೋ ಆಗಿರಬೇಕೆಂದೇನೂ ಇಲ್ಲ. ಮಗನ ಕೂಗಿಗೂ 2:14ಕ್ಕೂ ನಡುವೆ ಹೆಚ್ಚು ಹೊತ್ತು ಕಳೆದಿಲ್ಲ ಎನ್ನುವುದನ್ನು ಆ ಒಂದು ‘ಹೌದು’ ಹೇಳುತ್ತದೆ. ಬೆಳಗಿನ ಜಾವ ಬಿಪಿ ನೋಡಲು ಹೋದಾಗ ತಣ್ಣಗಾಗಿ ಸಿಕ್ಕ ರೋಗಿಯ ಕಥೆಯೇ ಬೇರೆ.

ಸಿಸ್ಟರ್ ಆ ನಿಮಿಷದಲ್ಲೇ ಎದೆ ಒತ್ತಲು ಶುರುಮಾಡುತ್ತಾರೆ. ಇನ್ನೊಬ್ಬರು ಫೋನೆತ್ತಿ ಕೋಡ್ ಬ್ಲೂ ಕರೆ ಕೊಟ್ಟಾಗ ಗೋಡೆ ಗಡಿಯಾರದಲ್ಲಿ 2:15. ತಂಡ ಬಂದು ಸೇರುವುದು 2:18ಕ್ಕೆ. ಡಿಫಿಬ್ರಿಲೇಟರ್ ಮೇಲಿನ ಮಹಡಿಯಿಂದ ಇಳಿದು ಬರಬೇಕು, ಲಿಫ್ಟ್ ಕಾಯಬೇಕು. ಪ್ಯಾಡ್ ಅಂಟಿಸಿದಾಗ ಪರದೆಯ ಮೇಲೆ ಅಡ್ಡಾದಿಡ್ಡಿ ನಡುಗುವ ಗೆರೆ ಕಾಣುತ್ತದೆ, ವೆಂಟ್ರಿಕ್ಯುಲರ್ ಫಿಬ್ರಿಲೇಷನ್. ಹೃದಯದ ಕೆಳಕೋಣೆಗಳು ಮಿಡಿಯದೆ ಬರೀ ಅದುರುತ್ತಿರುವ ಸ್ಥಿತಿ ಅದು. ಮೊದಲ ಶಾಕ್ 2:19ಕ್ಕೆ, 200 ಜೂಲ್.

ಗೋಡೆ ಗಡಿಯಾರವೊಂದನ್ನೇ ನೋಡಿ ಬರೆದಿದ್ದರೆ ಇಲ್ಲಿಯವರೆಗೆ ತೊಂದರೆಯಿಲ್ಲ. ಆದರೆ ಹಾಳೆಗೆ ಸಮಯಗಳು ಮೂರು ಕಡೆಯಿಂದ ಬರುತ್ತವೆ. ಕರೆ ಬಂದ ಸಮಯವನ್ನು ಟೆಲಿಫೋನ್ ಆಪರೇಟರ್ ತಮ್ಮ ಪುಸ್ತಕದಲ್ಲಿ ಬರೆದುಕೊಂಡಿರುತ್ತಾರೆ. ಶಾಕ್ ಕೊಟ್ಟ ಸಮಯ ಡಿಫಿಬ್ರಿಲೇಟರ್ ಹೊರಹಾಕುವ ಪಟ್ಟಿಯಲ್ಲಿ ಅಚ್ಚಾಗಿರುತ್ತದೆ. ಮಿಕ್ಕದ್ದು ಗೋಡೆ ಗಡಿಯಾರದ್ದು, ಇಲ್ಲವೇ ಬರೆಯುವವರ ಕೈಗಡಿಯಾರದ್ದು. ಈ ಆಸ್ಪತ್ರೆಯಲ್ಲಿ ಆಪರೇಟರ್ ಗಡಿಯಾರ 3 ನಿಮಿಷ ಹಿಂದಿದೆ, ಡಿಫಿಬ್ರಿಲೇಟರಿನದು 5 ನಿಮಿಷ ಹಿಂದಿದೆ ಎಂದಿಟ್ಟುಕೊಳ್ಳೋಣ. ಇದು ಉತ್ಪ್ರೇಕ್ಷೆಯೇನಲ್ಲ. ಯಂತ್ರದ ಗಡಿಯಾರವನ್ನು ಕೊಂಡ ದಿನ ಹೊಂದಿಸಿದ ಮೇಲೆ ಯಾರೂ ಮುಟ್ಟದಿರುವುದು ಎಲ್ಲ ಕಡೆಯೂ ಇರುವ ಸಂಗತಿ. ಆಮೇಲೆ ಕುಳಿತು ಮೂರೂ ಮೂಲಗಳಿಂದ ಹಾಳೆ ತುಂಬಿದರೆ ಹೀಗಾಗುತ್ತದೆ: ಗುರುತಿಸಿದ್ದು 2:14, ಕರೆ ಕೊಟ್ಟದ್ದು 2:12, ಮೊದಲ ಶಾಕ್ 2:14.

ಇದರಲ್ಲಿ ಎರಡು ತಪ್ಪುಗಳಿವೆ. ಕಾಯಿಲೆ ಗೊತ್ತಾಗುವ 2 ನಿಮಿಷ ಮೊದಲೇ ಕರೆ ಹೋಗಿರಲು ಸಾಧ್ಯವಿಲ್ಲ, ಆದ್ದರಿಂದ ಮೊದಲ ತಪ್ಪು ಯಾರ ಕಣ್ಣಿಗಾದರೂ ಬೀಳುತ್ತದೆ. ಎರಡನೆಯದು ಮೋಸದ್ದು. ಗುರುತಿಸಿದ ನಿಮಿಷದಲ್ಲೇ ಶಾಕ್ ಕೊಟ್ಟಂತೆ ಕಾಣುವ ಈ ಹಾಳೆ ಆಸ್ಪತ್ರೆಗೆ ಪೂರ್ಣಾಂಕ ತಂದುಕೊಡುತ್ತದೆ. ನಿಜವಾಗಿ ಕಳೆದದ್ದು 5 ನಿಮಿಷ. ಕೆಟ್ಟದಾಗಿ ಕಾಣುವ ಅಂಕಿಯನ್ನು ಎಲ್ಲರೂ ಪ್ರಶ್ನಿಸುತ್ತಾರೆ, ಚೆನ್ನಾಗಿ ಕಾಣುವುದನ್ನು ಯಾರು ತಾನೇ ಕೆದಕುತ್ತಾರೆ? ಅನುಭವಿ ಪರಿಶೀಲಕರು ಅಸಾಧ್ಯವಾದ ಒಂದು ಅಂತರ ಕಂಡರೆ ಸಾಕು, ಅದೇ ಹಾಳೆಯ ಒಳ್ಳೆಯ ಅಂತರಗಳನ್ನೂ ನಂಬುವುದಿಲ್ಲ.

ಈ ಐದು ನಿಮಿಷದ ತೂಕ ಎಷ್ಟೆಂದು ತಿಳಿಯಲು 2008ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪ್ರಕಟಿಸಿದ ಅಧ್ಯಯನವೊಂದನ್ನು ನೋಡಬೇಕು. ಅಮೆರಿಕದ 369 ಆಸ್ಪತ್ರೆಗಳಲ್ಲಿ, ಶಾಕ್‌ಗೆ ಸ್ಪಂದಿಸಬಲ್ಲ ಲಯದೊಂದಿಗೆ ಹೃದಯ ನಿಂತ 6,789 ರೋಗಿಗಳ ದಾಖಲೆಗಳನ್ನು ಅದಕ್ಕಾಗಿ ಪರಿಶೀಲಿಸಲಾಗಿತ್ತು. 2 ನಿಮಿಷದೊಳಗೆ ಶಾಕ್ ಸಿಕ್ಕವರಲ್ಲಿ ಶೇ. 39.3ರಷ್ಟು ಮಂದಿ ಜೀವಂತವಾಗಿ ಮನೆಗೆ ಹೋದರು, ತಡವಾದವರಲ್ಲಿ ಶೇ. 22.2 ಮಾತ್ರ. ಸುಮಾರು ಶೇ. 30ರಷ್ಟು ರೋಗಿಗಳಿಗೆ ಶಾಕ್ ತಡವಾಗಿತ್ತು. ಆ ಅಧ್ಯಯನದ ಸಮಯಗಳೂ ಇಂಥ ಹಾಳೆಗಳಿಂದಲೇ ಬಂದವು ಎಂಬುದನ್ನು ಇಲ್ಲಿ ನೆನಪಿಡಬೇಕು. ಗಡಿಯಾರ ತಪ್ಪಿದರೆ ರೋಗಿಯೊಬ್ಬರ ಕಥೆಯ ಜೊತೆಗೆ ಇಂಥ ಲೆಕ್ಕವೂ ಒಂದಿಷ್ಟು ಮಸುಕಾಗುತ್ತದೆ.

ಪರಿಹಾರ ಸರಳ, ಅಭ್ಯಾಸವಾಗುವುದು ಕಷ್ಟ. ಘಟನೆಯ ಉದ್ದಕ್ಕೂ ಎಲ್ಲ ಸಮಯಗಳಿಗೂ ಒಂದೇ ಗಡಿಯಾರ ಇರಬೇಕು, ಅದು ಯಾವುದೆಂದು ಹಾಳೆಯ ತಲೆಯಲ್ಲೇ ಬರೆಯಬೇಕು. ಕೆಲಸ ಮುಗಿದ ಮೇಲೆ ಒಂದೇ ಗಳಿಗೆಯಲ್ಲಿ ಎಲ್ಲ ಗಡಿಯಾರಗಳನ್ನೂ ನೋಡಿಕೊಳ್ಳಬೇಕು. ನಮ್ಮ ಉದಾಹರಣೆಯಲ್ಲಿ ಗೋಡೆ ಗಡಿಯಾರ 3:00 ತೋರಿಸುವಾಗ ಡಿಫಿಬ್ರಿಲೇಟರ್ 2:55, ಆಪರೇಟರ್ ಗಡಿಯಾರ 2:57 ತೋರಿಸುತ್ತವೆ. ಅಲ್ಲಿಗೆ ಲೆಕ್ಕ ಮುಗಿಯಿತು. ಯಂತ್ರದ ಸಮಯಕ್ಕೆ 5 ನಿಮಿಷ, ಆಪರೇಟರ್ ಸಮಯಕ್ಕೆ 3 ನಿಮಿಷ ಕೂಡಿಸಿದರೆ ಕರೆ 2:15ಕ್ಕೆ, ಶಾಕ್ 2:19ಕ್ಕೆ ಬಂದು ನಿಲ್ಲುತ್ತವೆ. ಯಂತ್ರದ ಪಟ್ಟಿಯ ಮೇಲಿನ ಅಚ್ಚನ್ನು ತಿದ್ದಬಾರದು. ಅದನ್ನು ಇದ್ದಂತೆಯೇ ಹಾಳೆಗೆ ಲಗತ್ತಿಸಿ, ವ್ಯತ್ಯಾಸವನ್ನು ಪಕ್ಕದಲ್ಲಿ ಬರೆದಿಟ್ಟರೆ ಸಾಕು.

ಇನ್ನು ಲಯದ ಅಂಕಣ. ಇಲ್ಲಿ ಮುಖ್ಯವಾದದ್ದು ಮೊದಲು ದಾಖಲಾದ ಲಯ, ಎಂದರೆ ನಾಡಿ ನಿಂತ ಮೇಲೆ ಮಾನಿಟರಿನಲ್ಲಿ ಕಂಡ ಮೊದಲನೆಯದು. ಐಸಿಯು ರೋಗಿಗೆ ಹೃದಯ ನಿಲ್ಲುವ ಮೊದಲು ಸೈನಸ್ ಲಯವಿತ್ತೆಂದು ಅದನ್ನೇ ಇಲ್ಲಿ ಬರೆಯುವುದು ತಪ್ಪು. ಈ ಅಂಕಣಕ್ಕೆ ನಾಲ್ಕೇ ಉತ್ತರಗಳು. ವೆಂಟ್ರಿಕ್ಯುಲರ್ ಫಿಬ್ರಿಲೇಷನ್ ಮತ್ತು ನಾಡಿಯಿಲ್ಲದ ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ ಶಾಕ್‌ಗೆ ಸ್ಪಂದಿಸಬಲ್ಲವು. ಗೆರೆ ಚಪ್ಪಟೆಯಾಗುವ ಅಸಿಸ್ಟೋಲ್, ಮತ್ತು ಪಿಇಎ ಎಂದು ಕರೆಯುವ ಸ್ಥಿತಿ, ಇವೆರಡಕ್ಕೆ ಶಾಕ್ ಉಪಯೋಗವಿಲ್ಲ.

ಬರೆಯುವವರನ್ನು ಹೆಚ್ಚು ಎಡವಿಸುವುದು ಪಿಇಎ. ಅದರಲ್ಲಿ ಪರದೆಯ ಮೇಲೆ ಗೆರೆ ಅಚ್ಚುಕಟ್ಟಾಗಿ ಓಡುತ್ತಿರುತ್ತದೆ, ನೋಡಿದವರಿಗೆ ಹೃದಯ ಸರಿಹೋಯಿತು ಅನ್ನಿಸುತ್ತದೆ. ವಿದ್ಯುತ್ ಹರಿಯುತ್ತಿದೆ ನಿಜ, ಆದರೆ ರಕ್ತವನ್ನು ತಳ್ಳುವಷ್ಟು ಮಿಡಿತವಿಲ್ಲ. ಹಾಳೆಯಲ್ಲಿ ‘ಸೈನಸ್ ಲಯ’ ಎಂದಷ್ಟೇ ಬರೆದು ಮುಂದಿನ ನಾಡಿ ಅಂಕಣವನ್ನು ಖಾಲಿ ಬಿಟ್ಟರೆ, ಆ ನಿಮಿಷ ರೋಗಿ ಬದುಕಿದ್ದರೋ ಇಲ್ಲವೋ ಎಂಬುದೇ ಓದುವವರಿಗೆ ತಿಳಿಯುವುದಿಲ್ಲ. ಹಾಗಾಗಿ ಲಯ ಬರೆದ ಪ್ರತಿ ಸಾಲಿನಲ್ಲೂ ನಾಡಿ ಇದೆ ಅಥವಾ ಇಲ್ಲ ಎಂದು ಕಾಣಿಸಲೇಬೇಕು. ಒಳ್ಳೆಯ ನಮೂನೆಗಳಲ್ಲಿ ಇವೆರಡು ಒಂದೇ ಚೌಕದೊಳಗೆ ಇರುತ್ತವೆ.

ಲಯ ನೋಡುವುದು 2 ನಿಮಿಷಕ್ಕೊಮ್ಮೆ. ನಡುವಿನ ಹೊತ್ತಿನಲ್ಲಿ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಎದೆ ಒತ್ತುತ್ತಲೇ ಇರಬೇಕು, ನೋಡಲು ನಿಲ್ಲಿಸಿದರೂ 10 ಸೆಕೆಂಡ್ ಮೀರಬಾರದು. ಆದ್ದರಿಂದ ಕೋಷ್ಟಕದ ಸಾಲುಗಳೂ 2 ನಿಮಿಷದ ಅಂತರದಲ್ಲಿ ಹೆಜ್ಜೆಯಿಡುತ್ತವೆ. 2:21ಕ್ಕೆ ನೋಡಿದಾಗ ಫಿಬ್ರಿಲೇಷನ್ ಹಾಗೇ ಇದೆ, ಎರಡನೇ ಶಾಕ್. 2:22ಕ್ಕೆ ಅಡ್ರಿನಲಿನ್ 1 ಮಿಲಿಗ್ರಾಂ ರಕ್ತನಾಳಕ್ಕೆ. 2:23ಕ್ಕೆ ಅದೇ ಲಯ, ಮೂರನೇ ಶಾಕ್. 2:24ಕ್ಕೆ ಅಮಿಯೋಡರೋನ್ 300 ಮಿಲಿಗ್ರಾಂ. 2:25ಕ್ಕೆ ಗೆರೆ ಅಚ್ಚುಕಟ್ಟಾಗಿದೆ, ನಾಡಿ ಮಾತ್ರ ಇಲ್ಲ. ಹಾಗಾಗಿ ಶಾಕ್ ಇಲ್ಲ, ಎದೆ ಒತ್ತುವುದು ಮುಂದುವರಿಯುತ್ತದೆ, ಉಸಿರುನಾಳಕ್ಕೆ ಕೊಳವೆ ಇಳಿಯುತ್ತದೆ. 2:26ಕ್ಕೆ ಎರಡನೇ ಅಡ್ರಿನಲಿನ್. 2:27ಕ್ಕೆ ಕೊರಳಲ್ಲಿ ನಾಡಿ.

ಪರಿಶೀಲಕರು ಈ ಸಾಲುಗಳನ್ನು ಮೇಲಿಂದ ಕೆಳಕ್ಕೂ ಓದುತ್ತಾರೆ, ಅಡ್ಡಕ್ಕೂ ಓದುತ್ತಾರೆ. ಅಡ್ಡಕ್ಕೆ ಓದಿದಾಗ ಲಯಕ್ಕೂ ಚಿಕಿತ್ಸೆಗೂ ತಾಳೆಯಾಗಬೇಕು. ಅಸಿಸ್ಟೋಲ್ ಎಂದು ಬರೆದ ಸಾಲಿನಲ್ಲಿ ಶಾಕ್ ಇದ್ದರೆ ತಂಡ ತಪ್ಪು ಮಾಡಿದೆ, ಇಲ್ಲವೇ ಬರೆದವರು ತಪ್ಪಿದ್ದಾರೆ. ಮೇಲಿಂದ ಕೆಳಕ್ಕೆ ಓದಿದಾಗ ಅಡ್ರಿನಲಿನ್ ಡೋಸುಗಳ ನಡುವೆ 3ರಿಂದ 5 ನಿಮಿಷದ ಅಂತರವಿರಬೇಕು. ಇಲ್ಲಿ 4 ನಿಮಿಷವಿದೆ, ಸರಿ. ಎರಡನೇ ಶಾಕ್ ಆದ ಮೇಲೆ ಅಡ್ರಿನಲಿನ್, ಮೂರನೆಯದರ ಮೇಲೆ ಅಮಿಯೋಡರೋನ್ ಎನ್ನುವುದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಕ್ರಮ. ಯುರೋಪಿನ ಕ್ರಮದಲ್ಲಿ ಎರಡೂ ಮೂರನೇ ಶಾಕ್ ನಂತರವೇ. ಆಸ್ಪತ್ರೆ ಯಾವ ಕ್ರಮವನ್ನು ಒಪ್ಪಿಕೊಂಡಿದೆ ಎಂದು ತಿಳಿಯದೆ ಹಾಳೆಯಲ್ಲಿ ತಪ್ಪು ಹುಡುಕಲು ಹೋಗುವುದು ನ್ಯಾಯವಲ್ಲ.

ಔಷಧದ ಸಾಲಿನಲ್ಲಿ ಹೆಸರು, ಪ್ರಮಾಣ, ಕೊಟ್ಟ ಮಾರ್ಗ, ಕೊಟ್ಟ ಸಮಯ ನಾಲ್ಕೂ ಇರಬೇಕು. ಇಲ್ಲಿ ಆಗಾಗ ನುಸುಳುವ ದೋಷವೆಂದರೆ ವೈದ್ಯರು ಹೇಳಿದ ಸಮಯವನ್ನು ಕೊಟ್ಟ ಸಮಯವೆಂದು ಬರೆದುಬಿಡುವುದು. ಹೇಳಿದ್ದಕ್ಕೂ ಕೊಟ್ಟದ್ದಕ್ಕೂ ನಡುವೆ ಆಂಪೂಲ್ ಒಡೆಯಬೇಕು, ಸಿರಿಂಜಿಗೆ ಎಳೆಯಬೇಕು, ಕೆಲವು ಸಲ ಕ್ಯಾನುಲಾವನ್ನೇ ಹೊಸದಾಗಿ ಹಾಕಬೇಕು. ಅದಕ್ಕೇ ಒಳ್ಳೆಯ ತಂಡದಲ್ಲಿ ಮಾತು ಸುತ್ತು ಬರುತ್ತದೆ. ‘ಅಡ್ರಿನಲಿನ್ ಒಂದು ಮಿಲಿಗ್ರಾಂ ಐವಿ ಕೊಡಿ ಸಿಸ್ಟರ್’ ಎಂದು ಮುಖ್ಯಸ್ಥರು ಹೇಳುತ್ತಾರೆ. ‘ಅಡ್ರಿನಲಿನ್ ಒಂದು ಮಿಲಿಗ್ರಾಂ, ಕೊಡ್ತಿದ್ದೀನಿ ಸರ್’ ಎಂದು ಅದೇ ಮಾತು ತಿರುಗಿ ಬರುತ್ತದೆ. ಒಳಗೆ ಹೋದ ಮೇಲೆ ‘ಕೊಟ್ಟಾಯ್ತು’ ಎಂಬ ಮೂರನೇ ಮಾತು. ಬರೆಯುವವರ ಪೆನ್ನು ಈ ಮೂರನೇ ಮಾತಿಗೆ ಕಾಯಬೇಕು.

ಬರೆದದ್ದು ಸರಿಯೇ ಎಂದು ನೋಡಲು ಒಂದು ಹಳೆಯ ಉಪಾಯವಿದೆ. ಒಡೆದ ಆಂಪೂಲುಗಳನ್ನು ಎಸೆಯದೆ ಒಂದು ಟ್ರೇನಲ್ಲಿ ಇಟ್ಟುಕೊಂಡು ಕೊನೆಗೆ ಎಣಿಸುವುದು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಅಡ್ರಿನಲಿನ್ ಆಂಪೂಲಿನಲ್ಲಿ 1 ಮಿಲಿಗ್ರಾಂ, ಅಮಿಯೋಡರೋನ್ ಆಂಪೂಲಿನಲ್ಲಿ 150 ಮಿಲಿಗ್ರಾಂ ಔಷಧವಿರುತ್ತದೆ. ಈ ರಾತ್ರಿಯ ಟ್ರೇನಲ್ಲಿ ಎರಡು ಅಡ್ರಿನಲಿನ್, ಎರಡು ಅಮಿಯೋಡರೋನ್ ಆಂಪೂಲುಗಳಿರಬೇಕು. ಮೂರನೇ ಅಡ್ರಿನಲಿನ್ ಖಾಲಿ ಆಂಪೂಲ್ ಸಿಕ್ಕರೆ ಒಂದು ಡೋಸ್ ಬರೆಯುವುದು ತಪ್ಪಿದೆ, ಇಲ್ಲವೇ ಎಳೆದ ಔಷಧ ಕೊಡದೆ ಉಳಿದಿದೆ.

ಹಾಳೆಯ ಕೆಳಭಾಗದಲ್ಲಿ ತಂಡದ ಹೆಸರುಗಳು ಬರುತ್ತವೆ: ಮುಖ್ಯಸ್ಥರು, ಎದೆ ಒತ್ತಿದವರು, ಉಸಿರಾಟ ನೋಡಿಕೊಂಡವರು, ಡಿಫಿಬ್ರಿಲೇಟರ್ ನಡೆಸಿದವರು, ಔಷಧ ಕೊಟ್ಟವರು, ಬರೆದವರು. ಇದನ್ನು ಹಾಜರಾತಿ ಪಟ್ಟಿಯಂತೆ ಕೊನೆಗೆ ತುಂಬುವ ರೂಢಿಯಿದೆ. ಹಾಗೆ ತುಂಬಿದರೆ ಅದರ ಉಪಯೋಗ ಅರ್ಧಕ್ಕಿಂತ ಕಡಿಮೆ. ಮುಖ್ಯಸ್ಥರು ಯಾರೆಂದು ಬರೆದರೆ ಸಾಲದು, ಅವರು ಎಷ್ಟು ಹೊತ್ತಿಗೆ ಬಂದರು ಎಂಬುದೂ ಬೇಕು. ಹಿರಿಯರು ಬರುವ ಮೊದಲು ಡ್ಯೂಟಿ ಡಾಕ್ಟರೇ ಆಜ್ಞೆ ಕೊಡುತ್ತಿದ್ದು, ನಡುವೆ ಹೊಣೆ ಕೈಬದಲಾಗಿದ್ದರೆ ಆ ನಿಮಿಷವನ್ನೂ ಗುರುತಿಸಬೇಕು. ಒಂದೇ ಹೊತ್ತಿನಲ್ಲಿ ಇಬ್ಬರು ಆಜ್ಞೆ ಕೊಟ್ಟ ಕೋಡುಗಳಲ್ಲಿ ಒಂದೇ ಔಷಧ ಎರಡು ಸಲ ಹೋಗುವ ಅಪಾಯವಿರುತ್ತದೆ. ಎದೆ ಒತ್ತುವವರನ್ನು 2 ನಿಮಿಷಕ್ಕೊಮ್ಮೆ ಬದಲಾಯಿಸಬೇಕೆಂಬುದು ನಿಯಮ, ಏಕೆಂದರೆ ದಣಿದವರ ಒತ್ತಡ ಅವರಿಗೇ ತಿಳಿಯದಂತೆ ಕಡಿಮೆಯಾಗುತ್ತದೆ. 13 ನಿಮಿಷದ ಕೋಡಿನಲ್ಲಿ ಎದೆ ಒತ್ತಿದವರ ಸಾಲಿನಲ್ಲಿ ಒಂದೇ ಹೆಸರಿದ್ದರೆ ಪರಿಶೀಲಕರು ಅಲ್ಲೇ ನಿಲ್ಲುತ್ತಾರೆ.

ಇವರಲ್ಲಿ ಕೈಗೆ ಬೇರೆ ಕೆಲಸವೇ ಕೊಡಬಾರದವರು ಬರೆಯುವವರು. ನಡೆಯುವುದು ಬಹಳ ಕಡೆ ಇದಕ್ಕೆ ಉಲ್ಟಾ. ತಂಡಕ್ಕೆ ಹೊಸದಾಗಿ ಸೇರಿದವರಿಗೆ ಪೆನ್ನು ಕೊಟ್ಟು ‘ನೀನು ಬರಿ’ ಎನ್ನುತ್ತಾರೆ, ಎರಡು ನಿಮಿಷಕ್ಕೆ ಅವರನ್ನೇ ಸಿರಿಂಜ್ ತರಲು ಓಡಿಸುತ್ತಾರೆ. ಬರೆಯುವವರಿಗೆ ಲಯ ಓದಲು ಬರಬೇಕು, ಔಷಧಗಳ ಕ್ರಮ ಗೊತ್ತಿರಬೇಕು, ‘ಎರಡು ನಿಮಿಷ ಆಯ್ತು, ರಿದಮ್ ನೋಡಿ’, ‘ಅಡ್ರಿನಲಿನ್ ಕೊಟ್ಟು ನಾಲ್ಕು ನಿಮಿಷ ಆಯ್ತು’ ಎಂದು ಗಟ್ಟಿಯಾಗಿ ಹೇಳುವ ಧೈರ್ಯವಿರಬೇಕು. ಈ ಕೆಲಸ ಹಿರಿಯ ಸಿಸ್ಟರಿಗೇ ಸಲ್ಲಬೇಕಾದದ್ದು.

ಬರೆಯುವವರು ಇಲ್ಲದ ಕೋಡುಗಳಲ್ಲಿ ಸಮಯಗಳು ಗ್ಲೌಸಿನ ಮೇಲೆ, ಟಿಶ್ಯೂ ಕಾಗದದ ಮೇಲೆ, ಕೆಲವೊಮ್ಮೆ ಹಾಸಿಗೆಯ ಚಾದರದ ಮೇಲೆ ದಾಖಲಾಗುತ್ತವೆ. ಹಾಳೆ ಒಂದು ಗಂಟೆಯ ನಂತರ ನೆನಪಿನಿಂದ ಹುಟ್ಟುತ್ತದೆ. ಅದನ್ನು ಪತ್ತೆಹಚ್ಚುವುದು ಕಷ್ಟವಲ್ಲ. ನೆನಪು ಐದರ ಗುಣಕಗಳಲ್ಲಿ ಎಣಿಸುತ್ತದೆ: 2:15, 2:20, 2:25, 2:30. ಅಡ್ರಿನಲಿನ್ ಸರಿಯಾಗಿ 5 ನಿಮಿಷಕ್ಕೊಮ್ಮೆ ಹೋಗಿರುತ್ತದೆ, ಅಕ್ಷರ ಮೊದಲಿಂದ ಕೊನೆಯವರೆಗೆ ದುಂಡಗಿರುತ್ತದೆ, ಒಂದು ಗೀಟೂ ಇರುವುದಿಲ್ಲ. ನಡೆಯುತ್ತಿರುವಾಗ ಬರೆದ ಹಾಳೆ ಅಷ್ಟು ಚೊಕ್ಕಟವಾಗಿರುವುದಿಲ್ಲ. ನೆನಪಿನಿಂದ ಬರೆಯಲೇಬೇಕಾದರೆ ತಡವಾಗಿ ಬರೆದದ್ದೆಂದು ಒಪ್ಪಿ, ಬರೆದ ಸಮಯವನ್ನೂ ಹಾಕುವುದು ಪ್ರಾಮಾಣಿಕ ದಾರಿ. ತಪ್ಪಾದರೆ ಒಂದೇ ಗೆರೆಯಿಂದ ಹೊಡೆದುಹಾಕಿ ಸಹಿ ಮಾಡಬೇಕು, ಕೆಳಗಿನ ಅಕ್ಷರ ಓದಲು ಸಿಗಬೇಕು. ಈ ಹಾಳೆ ರೋಗಿಯ ವೈದ್ಯಕೀಯ ದಾಖಲೆಯ ಭಾಗ. 2002ರ ವೈದ್ಯಕೀಯ ಪರಿಷತ್ತಿನ ನಿಯಮಗಳಂತೆ ರೋಗಿಯ ಕಡೆಯವರು ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ತಿದ್ದಿ ಬಿಳಿಬಣ್ಣ ಬಳಿದ ಹಾಳೆಯನ್ನು ಆಗ ಯಾರೂ ನಂಬುವುದಿಲ್ಲ.

ಎಷ್ಟು ಚೆನ್ನಾಗಿ ಬರೆದರೂ ಕೈಬರಹಕ್ಕೆ ಸಿಗದ ಸಂಗತಿಗಳಿವೆ. 2:25ರ ಸಾಲಿನಲ್ಲಿ ಉಸಿರುನಾಳಕ್ಕೆ ಕೊಳವೆ ಹಾಕಿದ್ದು, ಅದು ಸರಿಯಾದ ಜಾಗದಲ್ಲಿದೆ ಎಂಬುದನ್ನು ಹೊರಬರುವ ಉಸಿರಿನ ಇಂಗಾಲದ ಡೈಆಕ್ಸೈಡ್ ಅಲೆಯಿಂದ ಖಚಿತಪಡಿಸಿಕೊಂಡದ್ದು ಬರೆದಿದೆ. ಡಿಫಿಬ್ರಿಲೇಟರಿನ ನೆನಪಿನಲ್ಲಿ ಮಾತ್ರ ಅದೇ ಹೊತ್ತಿಗೆ 34 ಸೆಕೆಂಡ್ ಎದೆ ಒತ್ತುವುದು ನಿಂತಿತ್ತು ಎಂದಿದೆ. ಯಾರೂ ಸುಳ್ಳು ಬರೆದಿಲ್ಲ. ನಿಮಿಷ ಎಣಿಸುವ ಹಾಳೆಗೆ ಸೆಕೆಂಡುಗಳು ಕಾಣುವುದಿಲ್ಲ, ಅಷ್ಟೆ. ಆದ್ದರಿಂದ ಯಂತ್ರದ ದಾಖಲೆಯನ್ನೂ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಕೊಟ್ಟ ಔಷಧ, ಅದನ್ನು ಕೊಟ್ಟವರು, ಹೇಳಿದವರು ಯಂತ್ರಕ್ಕೆ ತಿಳಿಯುವುದಿಲ್ಲ. ಎದೆ ಒತ್ತುವುದು ನಿಂತ ಸೆಕೆಂಡುಗಳು ಮನುಷ್ಯರಿಗೆ ನೆನಪಿರುವುದಿಲ್ಲ.

2:27ಕ್ಕೆ ನಾಡಿ ಸಿಕ್ಕಾಗ ಉಸಿರಿನ ಇಂಗಾಲದ ಡೈಆಕ್ಸೈಡ್ ಅಂಕಿ 14ರಿಂದ 38ಕ್ಕೆ ಜಿಗಿದಿದೆ, ರಕ್ತಸಂಚಾರ ಮರಳಿದ್ದಕ್ಕೆ ಅದೂ ಸಾಕ್ಷಿ. ಬಿಪಿ 94/60. ಆದರೂ ಆ ಕ್ಷಣದಲ್ಲೇ ಹಾಳೆಯನ್ನು ಮುಚ್ಚುವುದಿಲ್ಲ. ನಾಡಿ 20 ನಿಮಿಷ ಉಳಿದರೆ ಮಾತ್ರ ರಕ್ತಸಂಚಾರ ಸ್ಥಿರವಾಗಿ ಮರಳಿತೆಂದು ಲೆಕ್ಕ, ಆದ್ದರಿಂದ ಆ ಚೌಕಕ್ಕೆ ಗುರುತು ಬೀಳುವುದು 2:47ಕ್ಕೆ. ನಡುವೆ ಮತ್ತೆ ನಿಂತರೆ ಅದೇ ಘಟನೆ ಮುಂದುವರಿದಂತೆ. ಪ್ರಯತ್ನ ಫಲಿಸದಿದ್ದಾಗಲೂ ನಿಲ್ಲಿಸಿದ ಸಮಯ, ನಿಲ್ಲಿಸಿದ ಕಾರಣ, ಹಾಗೆ ತೀರ್ಮಾನಿಸಿದವರ ಹೆಸರು ಬರೆಯಬೇಕು.

ಪರಿಶೀಲನಾ ಸಮಿತಿಯ ಮುಂದೆ ಈ ಹಾಳೆ ಬಂದರೆ ಅದು ಹಿಡಿದುಕೊಳ್ಳುವುದು 2:14 ಮತ್ತು 2:19ರ ನಡುವಿನ ಐದು ನಿಮಿಷಗಳನ್ನು. ಸಿಸ್ಟರ್ ತಡಮಾಡಲಿಲ್ಲ, ಕರೆ ಒಂದು ನಿಮಿಷದಲ್ಲಿ ಹೋಯಿತು, ತಂಡ ಬಂದ ಒಂದು ನಿಮಿಷಕ್ಕೆ ಶಾಕ್ ಸಿಕ್ಕಿತು. ಉಳಿದ ಮೂರು ನಿಮಿಷ ಹೋದದ್ದು ಲಿಫ್ಟಿನಲ್ಲಿ. ಹೃದಯ ರೋಗಿಗಳನ್ನು ಇರಿಸುವ ವಾರ್ಡಿನ ಮಹಡಿಯಲ್ಲೇ ಒಂದು ಡಿಫಿಬ್ರಿಲೇಟರ್ ಬೇಕೆಂದು ಸಮಿತಿ ಬರೆಯುತ್ತದೆ. ಗಡಿಯಾರ ಸರಿಪಡಿಸದ ಹಾಳೆ ಅದರ ಮುಂದೆ ಹೋಗಿದ್ದರೆ ಶಾಕ್ ಸೊನ್ನೆ ನಿಮಿಷದಲ್ಲಿ ಸಿಕ್ಕಿದೆ ಎಂದು ಶಹಬ್ಬಾಸ್ ಹೇಳಿ ಕಡತ ಮುಚ್ಚುತ್ತಿದ್ದರು.

ಉಟ್‌ಸ್ಟೈನ್ ನಮೂನೆಯ ಕೊನೆಯ ಅಂಕಣಗಳು ಆ ರಾತ್ರಿ ಖಾಲಿಯೇ ಇರುತ್ತವೆ. ರೋಗಿ ಜೀವಂತವಾಗಿ ಮನೆಗೆ ಹೋದರೇ, ಹೋಗುವಾಗ ಮೆದುಳಿನ ಸ್ಥಿತಿ ಹೇಗಿತ್ತು ಎಂಬ ಪ್ರಶ್ನೆಗಳವು. ಎರಡನೆಯದಕ್ಕೆ 1ರಿಂದ 5ರವರೆಗಿನ ಅಂಕಿಯೊಂದನ್ನು ಬರೆಯುತ್ತಾರೆ. ಸ್ವಂತ ಕೆಲಸ ತಾವೇ ಮಾಡಿಕೊಳ್ಳುವಷ್ಟು ಚೇತರಿಸಿಕೊಂಡವರಿಗೆ 1 ಅಥವಾ 2, ತೀರಿಹೋದವರಿಗೆ 5. ಬಿಡುಗಡೆಯ ದಿನ ಯಾರಾದರೂ ನೆನಪಿಟ್ಟುಕೊಂಡು ಹಳೆಯ ಹಾಳೆಯನ್ನು ತೆಗೆದು ಈ ಅಂಕಿ ಬರೆಯುವವರೆಗೆ ದಾಖಲೆ ಪೂರ್ಣವಾಗುವುದಿಲ್ಲ.